ತಾನಾಗಿಯೇ ತೆರೆದು ಕೂರುವ ಪುಸ್ತಕ

ಭಜನೆಗೆ ಕುಳಿತವರ ಎರಡೂ ಕೈಗೆ ಕೆಲಸವಿರುತ್ತದೆ. ಒಬ್ಬರ ಕೈಯಲ್ಲಿ ತಾಳ, ಇನ್ನೊಬ್ಬರದರಲ್ಲಿ ದಮ್ಮಡಿ, ಮತ್ತೊಬ್ಬರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ. ಹಾಡಿನ ಪುಸ್ತಕ ಅವರ ಮುಂದೆ ಜಮಖಾನಿಯ ಮೇಲೆ ತಾನಾಗಿಯೇ ತೆರೆದುಕೊಂಡಿರಬೇಕು. ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆಯ ಹಳ್ಳಿಗಳಲ್ಲಿ ಇಂಥ ಪುಸ್ತಕ ಬಹುಪಾಲು ಕೈಬರಹದ್ದು. ಶಿಶುನಾಳ ಶರೀಫರ ತತ್ವಪದಗಳನ್ನೂ ಊರಿನ ಹಿರಿಯರು ಹೇಳಿಕೊಟ್ಟ ಪದಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರುತ್ತಾರೆ. ಶರೀಫರ ಗುರು ಗೋವಿಂದಭಟ್ಟರ ಕಳಸ ಇರುವುದೂ ಕುಂದಗೋಳ ತಾಲ್ಲೂಕಿನಲ್ಲೇ. ಹಾಡು ಬಾಯಿಂದ ಬಾಯಿಗೆ ಬಂದಷ್ಟೇ ಸಲೀಸಾಗಿ ನೋಟ್‌ಬುಕ್ಕಿನಿಂದ ನೋಟ್‌ಬುಕ್ಕಿಗೂ ಇಳಿದು ಬಂದಿದೆ.

ನೋಟ್‌ಬುಕ್ ಹರಿಯತೊಡಗಿದಾಗ ಅದನ್ನು ಪೇಟೆಗೆ ಒಯ್ದು ‘ರಟ್ಟು ಹಾಕಿಸು’ತ್ತಾರೆ. ಅವಸರದ ಬೈಂಡಿಂಗಿನಲ್ಲಿ ಹಾಳೆಗಳನ್ನೆಲ್ಲ ಒಟ್ಟು ಹಿಡಿದು, ಬೆನ್ನಿನ ಅಂಚಿನಿಂದ ಅರ್ಧ ಇಂಚು ಒಳಗೆ ದಬ್ಬಳದಿಂದ ಮೂರು ತೂತು ಚುಚ್ಚಿ, ಮಗ್ಗುಲಿನಿಂದ ದಾರ ಎಳೆದು ಕಟ್ಟುತ್ತಾರೆ. ಗಟ್ಟಿಯೇನೋ ಆಗುತ್ತದೆ. ಆದರೆ ಒಳಗಿನ ಅಂಚು ಹೊಲಿಗೆಯ ಹೊಟ್ಟೆಗೆ ಹೋಗಿ, ಪ್ರತಿ ಸಾಲಿನ ಒಂದೆರಡು ಅಕ್ಷರ ಕಾಣದಾಗುತ್ತವೆ. ಪುಸ್ತಕ ಕೈ ಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಾಕಾ ಅಂಥದೊಂದನ್ನು ತೊಡೆಯ ಕೆಳಗೆ ಒತ್ತಿ ಹಿಡಿದೇ ಹಾಡುತ್ತಿದ್ದರು. “ತಮ್ಮಾ, ಪುಸ್ತಕ ಹಾಡೋರ ಮಾತ ಕೇಳಬೇಕಲ್ಲ, ಇದು ರಟ್ಟಿನ ಮಾತ ಕೇಳ್ತದ” ಎನ್ನುತ್ತಿದ್ದರು.

ಹಾಗೆ ನೋಡಿದರೆ, ತೆರೆದು ಕೂರುವ ಪುಸ್ತಕ ನಮ್ಮ ಪೇಟೆಗೆ ಹೊಸದಲ್ಲ. ದೀಪಾವಳಿಗೆ ಅಂಗಡಿಕಾರರು ಪೂಜೆ ಮಾಡುವ ಕೆಂಪು ಬಟ್ಟೆಯ ಕಿರ್ದಿ ಪುಸ್ತಕವನ್ನು ನೋಡಿ. ಹಾಳೆಯ ಮಡಿಕೆಯ ನಡುವಿನಿಂದಲೇ ದಪ್ಪ ಬಿಳಿ ದಾರ ಹಾಯ್ದಿರುತ್ತದೆ. ಅದಕ್ಕೇ ಅದು ಗಾದಿಯ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಭಜನಾ ಪುಸ್ತಕಕ್ಕೂ ಬೇಕಾದದ್ದು ಆ ಹೊಲಿಗೆಯೇ. ಅದರ ಮೇಲೆ ಎರಡು ರಟ್ಟು, ಒಂದು ಬಟ್ಟೆ. ಮನೆಯಲ್ಲಿ, ಊಟದ ಮಣೆಯಷ್ಟು ಜಾಗದಲ್ಲಿ ಇದನ್ನು ಮಾಡಬಹುದು. ನೆಹರೂ ಶರ್ಟಿನ ಬಗಲ ಕಿಸೆಯಲ್ಲಿ ಹಿಡಿಸುವ, 160 ಪುಟದ ಒಂದು ಖಾಲಿ ಪುಸ್ತಕವನ್ನೇ ಇಲ್ಲಿ ಮೊದಲಿನಿಂದ ಕೊನೆಯವರೆಗೆ ಕಟ್ಟೋಣ.

ಮೊದಲು ಕಾಗದ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಕಾಗದ ಸಲೀಸಾಗಿ ಮಡಚುತ್ತದೆ, ಅಡ್ಡಕ್ಕೆ ಮಡಚಿದರೆ ಮಡಿಕೆ ಒರಟಾಗಿ ಸಣ್ಣಗೆ ಬಿರಿಯುತ್ತದೆ. ನೀರು ಕುಡಿದಾಗಲೂ ನಾರು ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಪುಸ್ತಕದೊಳಗಿನ ಹಾಳೆ, ರಟ್ಟು, ಒಳಹಾಳೆ ಎಲ್ಲದರ ನಾರೂ ಬೆನ್ನಿಗೆ ಸಮಾನಾಂತರವಾಗಿ, ಅಂದರೆ ಮೇಲಿನಿಂದ ಕೆಳಕ್ಕೆ ಓಡಬೇಕು. ಇದೊಂದು ತಪ್ಪಿದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಹಾಳೆ ಸೆಟೆದು ನಿಲ್ಲುತ್ತದೆ, ಬೆನ್ನಿನ ಹತ್ತಿರ ಅಲೆ ಏಳುತ್ತದೆ, ಪುಸ್ತಕ ಮತ್ತೆ ಮುಚ್ಚಿಕೊಳ್ಳತೊಡಗುತ್ತದೆ.

ಝೆರಾಕ್ಸ್ ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದದ ದಿಕ್ಕಿಗಿರುತ್ತದೆ. ಅದನ್ನು ನಡುವೆ ಮಡಚಿ ನೋಟ್‌ಬುಕ್ ಅಳತೆಗೆ ತಂದರೆ ನಾರು ಬೆನ್ನಿಗೆ ಅಡ್ಡವಾಗುತ್ತದೆ. ಮನೆಯಲ್ಲಿ ಮಾಡಿದ ಪುಸ್ತಕಗಳ ಅರ್ಧ ತಕರಾರು ಇಲ್ಲಿಯದೇ. ಆದರೆ ಅದೇ ಹಾಳೆಯನ್ನು ಮೊದಲು ಕತ್ತರಿಸಿ ಎರಡು ತುಂಡು ಮಾಡಿ, ಆಮೇಲೆ ಆ ತುಂಡನ್ನು ಮಡಚಿದರೆ ನಾರು ತಾನಾಗಿ ಸರಿಯಾದ ದಿಕ್ಕಿಗೆ ಬಂದು ನಿಲ್ಲುತ್ತದೆ. ಹಾಗೆ ಸಿಗುವ ಪುಟ 148 ಮಿಲಿಮೀಟರ್ ಎತ್ತರ, 105 ಅಗಲ. ನಾನು ಕಿಸೆ ಪುಸ್ತಕವನ್ನೇ ಆರಿಸಿಕೊಂಡದ್ದು ಮುಖ್ಯವಾಗಿ ಈ ಕಾರಣಕ್ಕೆ. ಅನುಮಾನವಿದ್ದರೆ ಒಂದು ಹಾಳೆಯ ಮೂಲೆಯಿಂದ ಚೌಕದ ತುಂಡು ಕತ್ತರಿಸಿ, ಯಾವ ಬದಿ ಯಾವುದೆಂದು ಗುರುತು ಹಾಕಿ, ಒಂದು ಮಗ್ಗುಲನ್ನು ಮಾತ್ರ ನೀರಿನಿಂದ ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಕೊಳ್ಳುತ್ತದೆ. ಕೊಳವೆಯ ಉದ್ದ ಯಾವ ದಿಕ್ಕಿಗಿದೆಯೋ ನಾರೂ ಆ ದಿಕ್ಕಿಗೇ.

ಇಪ್ಪತ್ತು ಎ4 ಹಾಳೆಯಿಂದ ನಲವತ್ತು ತುಂಡು. ನಾಲ್ಕು ನಾಲ್ಕು ತುಂಡನ್ನು ಒಟ್ಟಿಗೆ ಮಡಚಿದರೆ ಹದಿನಾರು ಪುಟದ ಒಂದು ಕಂತೆ. ಮುದ್ರಣಾಲಯದವರ ಮಾತಿನಲ್ಲಿ ಒಂದು ಫಾರಂ. ಹೀಗೆ ಹತ್ತು ಫಾರಂ. ಮಡಿಕೆಯನ್ನು ಉಗುರಿನಿಂದ ಒತ್ತಬೇಡಿ, ಕಾಗದ ಹೊಳಪು ಹಿಡಿಯುತ್ತದೆ. ನುಣುಪಾದ ಬಿದಿರ ಸೀಳೋ ಸ್ಟೀಲ್ ಚಮಚದ ಹಿಡಿಯೋ ಸಾಕು. ಹತ್ತನ್ನೂ ಒಂದರ ಮೇಲೊಂದು ಜೋಡಿಸಿ ಒಂದು ರಾತ್ರಿ ಭಾರದ ಕೆಳಗಿಟ್ಟರೆ ಗಾಳಿಯೆಲ್ಲ ಹೋಗಿ ಕಂತೆ ಅರ್ಧ ದಪ್ಪಕ್ಕಿಳಿಯುತ್ತದೆ. ಆಮೇಲೆ ಬೆನ್ನಿನ ಮೇಲೆ ಪೆನ್ಸಿಲಿನಿಂದ ಓರೆಯಾಗಿ ಒಂದೇ ಗೆರೆ ಎಳೆಯಿರಿ. ಹೊಲಿಯುವಾಗ ಒಂದು ಫಾರಂ ತಲೆಕೆಳಗಾದರೂ ಹಿಂದುಮುಂದಾದರೂ ಆ ಗೆರೆ ಮುರಿದು ಕಾಣುತ್ತದೆ.

ತೂತು ಬೇಕಾದದ್ದು ಪ್ರತಿ ಮಡಿಕೆಯಲ್ಲಿ ಆರು. ತಲೆಯಿಂದ ಅಳೆದರೆ 12, 40, 52, 96, 108 ಮತ್ತು 136 ಮಿಲಿಮೀಟರಿಗೆ ಒಂದೊಂದು. ಮೊದಲನೆಯದೂ ಕೊನೆಯದೂ ಫಾರಂ ಫಾರಂಗಳನ್ನು ಕೊಂಡಿ ಹಾಕಲು. ನಡುವಿನ ಎರಡು ಜೋಡಿ, ಎರಡು ಲಾಡಿಗಳನ್ನು ಹಿಡಿದಿಡಲು. ಪೈಜಾಮಕ್ಕೆ ಹಾಕುವ ಹತ್ತಿಯ ಚಪ್ಪಟೆ ಲಾಡಿ, 10ರಿಂದ 12 ಮಿಲಿಮೀಟರ್ ಅಗಲದ್ದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ನೈಲಾನಿನದು ಬೇಡ, ಅದಕ್ಕೆ ಖಳಿ ಹಿಡಿಯುವುದಿಲ್ಲ. ಒಂದು ಕಾಗದದ ಪಟ್ಟಿಯ ಮೇಲೆ ಆರೂ ಅಳತೆಗಳನ್ನು ಗುರುತಿಸಿಕೊಂಡು, ಪ್ರತಿ ಫಾರಂ ತೆರೆದು ಮಡಿಕೆಯೊಳಗೆ ಆ ಪಟ್ಟಿಯಿಟ್ಟು ಚುಚ್ಚಿದರೆ ಎಲ್ಲ ತೂತೂ ಒಂದೇ ಸಾಲಿಗೆ ಬರುತ್ತವೆ. ಚುಚ್ಚಲು ಚೀಲ ಹೊಲಿಯುವ ದಬ್ಬಳ ಬೇಡವೇ ಬೇಡ. ಹತ್ತಿ ಅಂಡಿಗೆಗೆ ಅದು ಸರಿ, ಕಾಗದದಲ್ಲಿ ಅದು ಬಿಡುವ ತೂತಿನಿಂದ ಬೆನ್ನಿಗೆ ಹಚ್ಚುವ ಅಂಟು ಒಳಕ್ಕಿಳಿದು ಪುಟಗಳು ಅಂಟಿಕೊಳ್ಳುತ್ತವೆ. ಸಾಧಾರಣ ಹೊಲಿಗೆ ಸೂಜಿಯನ್ನು ಬೆಂಡಿಗೆ ಚುಚ್ಚಿ ಹಿಡಿ ಮಾಡಿಕೊಂಡರೆ ಸಾಕು.

ದಾರದ ದಪ್ಪದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗಟ್ಟಿ ಇರಲೆಂದು ದಪ್ಪ ದಾರ ಆರಿಸುವುದು ಎಲ್ಲರ ಮೊದಲ ಯೋಚನೆ. ಆದರೆ ಹತ್ತು ಫಾರಂಗಳ ಮಡಿಕೆಯೊಳಗೆ ಹತ್ತು ಎಳೆ ಮಲಗುತ್ತದೆ. ಹಾಳೆಗಳ ದಪ್ಪ ಎಂಬತ್ತು ಎಲೆಗೆ ಸುಮಾರು 8 ಮಿಲಿಮೀಟರ್. ಮುಂಚಿನಲ್ಲಿ ಅಷ್ಟೇ ಇರುತ್ತದೆ, ಬೆನ್ನಿನಲ್ಲಿ ದಾರದ ದಪ್ಪವೂ ಸೇರಿಕೊಂಡು 10ರ ಮೇಲೆ ಹೋಗುತ್ತದೆ. ಎರಡು ಮಿಲಿಮೀಟರಿನ ಈ ಉಬ್ಬು ಸಣ್ಣ ಪುಸ್ತಕಕ್ಕೆ ನಡೆಯುತ್ತದೆ. ದಪ್ಪ ದಾರ ಹಾಕಿ ಅದು ನಾಲ್ಕೈದು ಆಯಿತೋ, ಬೆನ್ನು ದಪ್ಪ ಮುಂಚು ತೆಳು ಎಂಬಂತಾಗಿ ರಟ್ಟು ಎಂದೂ ಸರಿಯಾಗಿ ಕೂರುವುದಿಲ್ಲ. ದೊಡ್ಡ ಪುಸ್ತಕಗಳ ಬೆನ್ನನ್ನು ಸುತ್ತಿಗೆಯಿಂದ ಬಡಿದು ದುಂಡಗೆ ಮಾಡುವುದು ಈ ಉಬ್ಬನ್ನು ಹಂಚಲಿಕ್ಕೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂದ ಕಿಟ್ಟೆಲ್ ನಿಘಂಟು 1,700ಕ್ಕೂ ಹೆಚ್ಚು ಪುಟದ್ದು. ಹದಿನಾರು ಪುಟದ ಲೆಕ್ಕ ಹಿಡಿದರೆ ನೂರಕ್ಕೂ ಮಿಕ್ಕಿ ಫಾರಂ. ಅಂಥ ಗಾತ್ರವನ್ನು ಚಪ್ಪಟೆ ಬೆನ್ನಿನಲ್ಲಿ ಕಟ್ಟುವ ಮಾತೇ ಇಲ್ಲ. ನಮ್ಮದು ಹತ್ತು ಫಾರಂ, ಚಪ್ಪಟೆ ಬೆನ್ನೇ ಇರಲಿ. ಒಂದೂವರೆ ಸೆಂಟಿಮೀಟರ್ ದಪ್ಪದವರೆಗೆ ಸುತ್ತಿಗೆಯ ಗೊಡವೆಯಿಲ್ಲ.

ಆದ್ದರಿಂದ ತೆಳುವಾದರೂ ಗಟ್ಟಿ ಹುರಿಯ ಹತ್ತಿ ದಾರ ತೆಗೆದುಕೊಳ್ಳಿ. ಎರಡೂ ಕೈಯಿಂದ ಜಗ್ಗಿದರೆ ಬೆರಳು ಕೊಯ್ಯಬೇಕು, ತಾನು ಹರಿಯಬಾರದು. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರೆ ಸಿಕ್ಕಾಗುವುದಿಲ್ಲ, ಹಾಕಿದ ಗಂಟು ಜಾರುವುದಿಲ್ಲ. ಪುಸ್ತಕದ ಎತ್ತರವನ್ನು ಫಾರಂಗಳ ಸಂಖ್ಯೆಯಿಂದ ಗುಣಿಸಿ ಎರಡು ಗೇಣು ಸೇರಿಸಿದರೆ ದಾರದ ಉದ್ದ ಸಿಗುತ್ತದೆ. ಇಲ್ಲಿ ಸುಮಾರು ಎರಡು ಮೀಟರ್.

ಮಣೆಯ ಅಂಚಿಗೆ ಎರಡು ಲಾಡಿ ತುಂಡುಗಳನ್ನು ನೆಟ್ಟಗೆ ನಿಲ್ಲುವಂತೆ ಟೇಪಿನಿಂದ ಅಂಟಿಸಿಕೊಂಡು ಮೊದಲ ಫಾರಂ ಇಡಿ. ಸೂಜಿ ಮೊದಲ ತೂತಿನಿಂದ ಒಳಹೋಗಿ, ಎರಡನೆಯದರಿಂದ ಹೊರಬಂದು, ಲಾಡಿಯನ್ನು ಬಳಸಿ ಮೂರನೆಯದರೊಳಗೆ ಹೋಗುತ್ತದೆ. ನಾಲ್ಕು ಐದಕ್ಕೂ ಹಾಗೇ. ಆರನೆಯದರಿಂದ ಹೊರಗೆ. ಅದರ ಮೇಲೆ ಎರಡನೆಯ ಫಾರಂ ಇಟ್ಟು ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ, ಮೊದಲು ಬಿಟ್ಟ ದಾರದ ತುದಿಗೆ ಗಂಟು ಹಾಕಿ. ಮೂರನೆಯದರಿಂದ ಮುಂದೆ, ಪ್ರತಿ ಸಲ ತುದಿ ಮುಟ್ಟಿದಾಗ ಸೂಜಿಯನ್ನು ಕೆಳಗಿನ ಎರಡು ಫಾರಂಗಳ ನಡುವೆ ತೂರಿಸಿ, ಅಲ್ಲಿನ ದಾರದ ಹಿಂದಿನಿಂದ ತಂದು, ಆದ ಕುಣಿಕೆಯೊಳಗಿಂದ ಮೇಲಕ್ಕೆಳೆದರೆ ಕೊಂಡಿ ಬೀಳುತ್ತದೆ. ಫಾರಂಗಳನ್ನು ಒಂದಕ್ಕೊಂದು ಕಟ್ಟುವುದು ಈ ಕೊಂಡಿಯೇ.

ದಾರ ಬಿಗಿ ಮಾಡುವಾಗ ಯಾವಾಗಲೂ ಬೆನ್ನಿನ ಉದ್ದಕ್ಕೆ, ನೀವು ಹೊಲಿಯುತ್ತ ಸಾಗುತ್ತಿರುವ ಕಡೆಗೆ ಎಳೆಯಬೇಕು. ನೇರ ನಿಮ್ಮ ಕಡೆಗೆ ಎಳೆದರೆ ಕಾಗದ ಸೂಜಿತೂತಿನಿಂದ ಕತ್ತಿಯಿಟ್ಟಂತೆ ಸೀಳುತ್ತದೆ. ಬಿಗಿ ಸರಿಯಿದೆಯೇ ಎನ್ನಲು ನಡುವಿನ ಯಾವುದಾದರೂ ಫಾರಂ ತೆರೆದು ಒಳಗಿನ ದಾರವನ್ನು ಬೆರಳಿನಿಂದ ಮೀಟಿ ನೋಡಿ. ಮೇಲೆದ್ದು ಬಂದರೆ ಸಡಿಲ. ಹಾಗೆಂದು ತುದಿಯ ಕೊಂಡಿಗಳನ್ನು ವಿಪರೀತ ಬಿಗಿದರೆ ಪುಸ್ತಕದ ತಲೆ ಮತ್ತು ಬುಡ ಕಿರಿದಾಗಿ ನಡು ಹೊಟ್ಟೆ ಬಿಡುತ್ತದೆ. ಅದನ್ನು ಆಮೇಲೆ ಯಾವ ಭಾರವೂ ಸರಿಪಡಿಸದು, ಬಿಚ್ಚಿ ಹೊಲಿಯುವುದೊಂದೇ ದಾರಿ.

ಹೊಲಿದಾದ ಮೇಲೆ ಹಿಂದೆ ಮುಂದೆ ಒಂದೊಂದು ಒಳಹಾಳೆ. ಸ್ವಲ್ಪ ದಪ್ಪ ಡ್ರಾಯಿಂಗ್ ಕಾಗದವನ್ನು, ನಾರಿನ ದಿಕ್ಕು ನೋಡಿಯೇ, ಪುಟದ ಇಮ್ಮಡಿ ಅಳತೆಗೆ ಕತ್ತರಿಸಿ ಮಡಚಿ, ಮಡಿಕೆಯ ಪಕ್ಕ ಮೂರು ಮಿಲಿಮೀಟರಿನಷ್ಟೇ ಖಳಿ ಸವರಿ ಮೊದಲ ಪುಟಕ್ಕೆ ಅಂಟಿಸಬೇಕು. ಒಂದೆಲೆ ಮುಂದೆ ರಟ್ಟಿಗೆ ಹೋಗುತ್ತದೆ, ಇನ್ನೊಂದೆಲೆ ಹಾಗೇ ಬಿಡುವಾಗಿರುತ್ತದೆ. ನಂತರ ಬೆನ್ನನ್ನು ಸಮ ಮಾಡಿ, ಎರಡು ಹಲಗೆಗಳ ನಡುವೆ ಒತ್ತಿಟ್ಟು, ಬೆನ್ನಿಗೆ ತೆಳುವಾಗಿ ಫೆವಿಕಾಲ್ ಹಚ್ಚಿ. ಅದು ಫಾರಂಗಳ ನಡುವಿನ ಸಂದಿಗಿಳಿದರೆ ಸಾಕು, ಮೇಲೆ ಪದರವಾಗಿ ನಿಲ್ಲಬಾರದು. ಒದ್ದೆಯಿರುವಾಗಲೇ ಹಳೆಯ ಧೋತರದ ತುಂಡನ್ನು ಬೆನ್ನಿನ ಮೇಲೆ ಹಾಸಬೇಕು. ಅದು ಬೆನ್ನಿಗಿಂತ ಎತ್ತರದಲ್ಲಿ ತುಸು ಗಿಡ್ಡ, ಅಗಲದಲ್ಲಿ ಎರಡೂ ಕಡೆ 25 ಮಿಲಿಮೀಟರ್ ಹೊರಚಾಚಿದ್ದು. ಔಷಧ ಅಂಗಡಿಯ ಗಾಜ್ ಬಟ್ಟೆ ಇದಕ್ಕೆ ಸಾಲದು, ಅದರ ನೇಯ್ಗೆ ತೀರ ಸಡಿಲ. ನೂರು ಸಲ ಒಗೆದ ಧೋತರ ಮೆತ್ತಗಿದ್ದರೂ ನೂಲು ಇನ್ನೂ ಜೀವಂತವಿರುತ್ತದೆ.

ಈ ಧೋತರದ ತುಂಡಿನ ಮೇಲೆ ಇಷ್ಟು ಮಾತು ಯಾಕೆಂದರೆ, ರಟ್ಟಿನ ಪುಸ್ತಕ ಸಾಯುವುದು ಅಲ್ಲಿಯೇ. ಹೊದಿಕೆಯನ್ನು ಬೇರೆಯಾಗಿ ತಯಾರಿಸಿ ಕೊನೆಗೆ ಹೊಲಿದ ಹಾಳೆಗಳಿಗೆ ತೊಡಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 1820–30ರ ದಶಕಗಳಲ್ಲಿ, ಬಟ್ಟೆಯ ಹೊದಿಕೆಯ ಜೊತೆಜೊತೆಗೇ ರೂಢಿಗೆ ಬಂತು. ಅದಕ್ಕೂ ಮೊದಲು ಹೊಲಿಗೆಯ ಹುರಿಯನ್ನೇ ರಟ್ಟಿನೊಳಗೆ ಪೋಣಿಸಿ ಕಟ್ಟುತ್ತಿದ್ದರು. ಹಳೆಯ ಪದ್ಧತಿಯಲ್ಲಿ ರಟ್ಟಿಗೂ ಹಾಳೆಗೂ ಹುರಿಯ ಸಂಬಂಧ. ಹೊಸದರಲ್ಲಿ ಸಂಬಂಧವಿರುವುದು ಲಾಡಿಯ ತುದಿ, ಈ ತೆಳು ಬಟ್ಟೆ ಮತ್ತು ಒಳಹಾಳೆ, ಈ ಮೂರರದ್ದು ಮಾತ್ರ. ಎಷ್ಟೋ ಗ್ರಂಥಾಲಯದ ಪುಸ್ತಕಗಳಲ್ಲಿ ಹೊಲಿಗೆ ಗಟ್ಟಿಯಿದ್ದೂ ರಟ್ಟು ಕಳಚಿ ಬಂದಿರುವುದನ್ನು ನೀವು ಕಂಡಿರಬಹುದು. ಅಲ್ಲಿ ಬಟ್ಟೆ ತೀರ ಕಿರಿದಾಗಿರುತ್ತದೆ, ಇಲ್ಲವೇ ಬಟ್ಟೆಯೇ ಇಲ್ಲದೆ ಕಾಗದದ ಮೇಲೆ ಭಾರ ಬಿಟ್ಟಿರುತ್ತಾರೆ. ಮನೆಯಲ್ಲಿ ಮಾಡುವಾಗ ಎಲ್ಲಿ ಬೇಕಾದರೂ ಉಳಿತಾಯ ಮಾಡಿ, ಇಲ್ಲಿ ಬೇಡ.

ಇನ್ನು ರಟ್ಟಿನ ಲೆಕ್ಕ. ಸ್ಟೇಷನರಿ ಅಂಗಡಿಯ ಎರಡು ಮಿಲಿಮೀಟರ್ ದಪ್ಪದ ಬೂದು ರಟ್ಟು ಸಾಕು. ಮಿಠಾಯಿ ಡಬ್ಬಿಯದು ತೆಳು, ಪಾರ್ಸಲ್ ಪೆಟ್ಟಿಗೆಯದು ಒಳಗೆ ಟೊಳ್ಳು. ಎತ್ತರ ಪುಟದ 148ಕ್ಕೆ ಮೇಲೆ ಮೂರು ಕೆಳಗೆ ಮೂರು ಸೇರಿಸಿ 154. ಅಗಲ ಮಾತ್ರ ಪುಟಕ್ಕಿಂತ ಮೂರು ಕಡಿಮೆ, 102. ಕಡಿಮೆ ಯಾಕೆಂದರೆ ರಟ್ಟು ಬೆನ್ನಿನ ಅಂಚಿನಿಂದ ಶುರುವಾಗುವುದಿಲ್ಲ. ಬಾಗಿಲು ಕೀಲಿನ ಮೇಲೆ ತಿರುಗುವಂತೆ ರಟ್ಟು ತಿರುಗಲು ಬರಿಯ ಬಟ್ಟೆಯ ಒಂದು ಸಂದು ಬೇಕು. ಆ ಸಂದು ಏಳು ಮಿಲಿಮೀಟರ್. ಬೆನ್ನಿಗೆ ಒಂದು ಕಿರಿ ಪಟ್ಟಿ, ಅದರ ಅಗಲ ಅಂಟು ಒಣಗಿದ ಮೇಲಿನ ಬೆನ್ನಿನ ದಪ್ಪಕ್ಕೆ ಎರಡು ರಟ್ಟಿನ ದಪ್ಪ ಸೇರಿಸಿದಷ್ಟು. ಬೆನ್ನು 10 ಇದ್ದರೆ ಪಟ್ಟಿ 14. ಹೊಲಿಯುವ ಮೊದಲೇ ಅಳೆದಿಟ್ಟ ಅಳತೆ ಇಲ್ಲಿ ಕೈ ಕೊಡುತ್ತದೆ, ದಾರದ ಉಬ್ಬು ಅದರಲ್ಲಿ ಸೇರಿರುವುದಿಲ್ಲ. ಸಂದು ಐದಕ್ಕೆ ಇಳಿದರೆ ರಟ್ಟು ತೆರೆಯುವಾಗ ಒಳಹಾಳೆಯನ್ನು ಎಳೆದು ಹರಿಯುತ್ತದೆ. ಹತ್ತಕ್ಕೆ ಏರಿದರೆ ಪುಸ್ತಕ ಹೊದಿಕೆಯೊಳಗೆ ಜೋಲಿ ಹೊಡೆಯುತ್ತದೆ. ಎರಡು ರಟ್ಟು, ಎರಡು ಸಂದು, ಒಂದು ಪಟ್ಟಿ ಕೂಡಿದರೆ 232. ಸುತ್ತಲೂ 15 ಮಡಚಲು ಬಿಟ್ಟರೆ ಬಟ್ಟೆ 262ಕ್ಕೆ 184.

ಯಾವ ಬಟ್ಟೆ? ಧಾರವಾಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಬೇಕಿಲ್ಲ. ಗರಗದಲ್ಲಿ ನೇಯುವ ಖಾದಿ, ಹುಬ್ಬಳ್ಳಿ ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜ ದೇಶಕ್ಕೆಲ್ಲ ಗೊತ್ತು. ಅದೇ ಖಾದಿ ಭಂಡಾರಗಳ ಅಂಗಿಬಟ್ಟೆ, ಒತ್ತಾದ ನೇಯ್ಗೆಯದು, ಪುಸ್ತಕಕ್ಕೆ ಒಳ್ಳೆಯದು. ಕುಪ್ಪಸದ ಖಣ ಚೆಂದ ಕಾಣುತ್ತದೆ, ಆದರೆ ತೆಳುವಾದ್ದರಿಂದ ಅಂಟು ಮೇಲಕ್ಕೆ ಜಿನುಗಿ ಕಲೆಯಾಗುತ್ತದೆ. ನವಲಗುಂದದ ಜಮಖಾನಿಯ ತುಂಡು ಹಾಕುವ ಆಸೆ ನನಗೂ ಆಗಿತ್ತು. ಅಷ್ಟು ದಪ್ಪದ್ದು ಮೂಲೆಯಲ್ಲಿ ಮಡಚಿದರೆ ಗುಬುಟಾಗಿ ನಿಲ್ಲುತ್ತದೆ. ಅದು ಪುಸ್ತಕದ ಕೆಳಗೇ ಇರಲಿ.

ಬಟ್ಟೆ ಯಾವುದೇ ಇದ್ದರೂ ನೇರವಾಗಿ ರಟ್ಟಿಗೆ ಅಂಟಿಸಿದರೆ ನೇಯ್ಗೆಯ ಸಂದಿಯಿಂದ ಅಂಟು ಹೊರಬರುವುದು ಖಂಡಿತ. ಅದಕ್ಕೆ ಹಿಂದೊಂದು ಕಾಗದ ಕೊಡಬೇಕು. ಬಟ್ಟೆಯನ್ನು ಒಗೆದು, ಒದ್ದೆಯಿರುವಂತೆಯೇ ಗಾಜಿನ ಮೇಲೋ ನುಣುಪು ಟೈಲ್ಸ್ ನೆಲದ ಮೇಲೋ ಮುಖ ಕೆಳಗಾಗಿ ಹರಡಿ, ಸುಕ್ಕು ತೆಗೆಯಿರಿ. ಗಾಳಿಪಟದ ಬಿಳಿ ಕಾಗದಕ್ಕೆ ತೆಳ್ಳಗೆ ಖಳಿ ಹಚ್ಚಿ ಅದರ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಬ್ರಷ್ ಎಳೆಯಿರಿ. ಕಾಗದ ಬಟ್ಟೆಗಿಂತ ಸುತ್ತಲೂ ಒಂದು ಬೆರಳು ಅಗಲವಿರಲಿ, ಆ ಅಂಚೇ ಗಾಜಿಗೆ ಅಂಟಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಒಣಗಿದ ಮೇಲೆ ಅಂಚು ಕೊಯ್ದು ಎತ್ತಿದರೆ ಅಂಗಡಿಯ ಬೈಂಡಿಂಗ್ ಬಟ್ಟೆಯಂತೆಯೇ ಗರಿಗರಿಯಾಗಿ ಬರುತ್ತದೆ. ಬಣ್ಣದ ಗಾಳಿಪಟ ಕಾಗದ ಬೇಡ, ನೀರು ತಾಗಿದರೆ ಬಣ್ಣ ಬಿಡುತ್ತದೆ.

ಖಳಿ ಮಾಡಲು ಎರಡು ಚಮಚ ಮೈದಾಕ್ಕೆ ಹತ್ತು-ಹನ್ನೆರಡು ಚಮಚ ತಣ್ಣೀರು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರೆ ಹಾಲಿನ ಬಣ್ಣ ಹೋಗಿ ಅರೆಪಾರದರ್ಶಕವಾಗುತ್ತದೆ. ಅದೇ ಹದ. ಆರಿಸಿ ಬಟ್ಟೆಯಲ್ಲಿ ಸೋಸಿ. ಹಳೆಯ ಕಾಗದ ಪತ್ರಗಳನ್ನು ದುರಸ್ತಿ ಮಾಡುವವರು ಮೈದಾದ ಬದಲು ಗೋಧಿಯ ಪಿಷ್ಟ ಮಾತ್ರ ಬಳಸುತ್ತಾರೆ. ಅದಿನ್ನೂ ನುಣುಪು, ಒಣಗಿದ ಮೇಲೆ ಮೆತ್ತಗಿರುತ್ತದೆ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಕುರಡಿಗೆಗಾಗಿ ಗೋಧಿ ನೆನೆಸಿ, ರುಬ್ಬಿ, ಹಿಂಡಿ, ತಳಕ್ಕಿಳಿಸುವ ಗೋಧಿ ಹಾಲು ಬೇರೇನಲ್ಲ. ಅದರಿಂದ ಒಂದು ಸೌಟು ಕೇಳಿ ಪಡೆದರಾಯಿತು. ಹುಳ ಬೀಳದಿರಲೆಂದು ಖಳಿಗೆ ಮೈಲುತುತ್ತ ಬೆರೆಸುವ ರೂಢಿ ಬೈಂಡಿಂಗಿನವರಲ್ಲಿದೆ. ಅದು ವಿಷ, ಅಡುಗೆಮನೆಯ ಪಾತ್ರೆಗಂತೂ ಬರಕೂಡದು. ಸಾಲದ್ದಕ್ಕೆ ಅದರಲ್ಲಿನ ತಾಮ್ರ ಕಾಲಾಂತರದಲ್ಲಿ ಕಾಗದವನ್ನು ಕಂದಾಗಿಸಿ ಪುಡಿಗಟ್ಟಿಸುತ್ತದೆ. ನೆಚ್ಚಬೇಕಾದದ್ದು ಮೈಲುತುತ್ತವನ್ನಲ್ಲ, ಖಳಿ ತೆಳ್ಳಗೆ ಹಚ್ಚಿ ಬೇಗ ಒಣಗಿಸುವುದನ್ನು.

ಈಗ ಬಟ್ಟೆಗೆ ಖಳಿ ಹಚ್ಚಿ ಒಂದು ರಟ್ಟು, ಪಟ್ಟಿ, ಇನ್ನೊಂದು ರಟ್ಟು ಅಳತೆಯ ಸಂದು ಬಿಟ್ಟು ಸಾಲಾಗಿ ಇಟ್ಟು ಒತ್ತಿ. ನಾಲ್ಕು ಮೂಲೆಯ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು. ಆ ಕತ್ತರಿ ರಟ್ಟಿನ ಮೂಲೆಯಿಂದ ಮೂರು ಮಿಲಿಮೀಟರ್ ದೂರವಿರಲಿ. ತೀರ ಹತ್ತಿರ ಕತ್ತರಿಸಿದರೆ ಮಡಚಿದ ಮೇಲೆ ರಟ್ಟಿನ ಮೂಗು ಹೊರಗೆ ಇಣುಕುತ್ತದೆ. ಮೊದಲು ತಲೆ ಬುಡದ ಅಂಚು ಮಡಚಿ, ಮೂಲೆಯ ಪುಟ್ಟ ಕಿವಿಯನ್ನು ಉಗುರಿನಿಂದ ಒಳಗೊತ್ತಿ, ಆಮೇಲೆ ಪಕ್ಕದ ಅಂಚು.

ಇದು ಒಣಗುವಾಗ ರಟ್ಟು ಹೊರಮುಖವಾಗಿ ಬಾಗುತ್ತದೆ. ಗಾಬರಿ ಬೇಡ. ಒದ್ದೆ ಬಟ್ಟೆ ಒಣಗುತ್ತ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಕೊನೆಗೆ ಒಳಗೆ ಅಂಟಿಸುವ ಒಳಹಾಳೆಯೂ ಹಾಗೇ ಕುಗ್ಗಿ ಅದನ್ನು ಹಿಂದಕ್ಕೆಳೆಯುತ್ತದೆ. ಎರಡೂ ಕಡೆಗೂ ಒಂದೇ ಖಳಿ ಹಚ್ಚಿದ್ದರೆ ಜಗ್ಗಾಟ ಸಮಸಮವಾಗಿ ರಟ್ಟು ನೇರವಾಗುತ್ತದೆ. ಹೊರಗೆ ನೀರು ಹೆಚ್ಚಿರುವ ಖಳಿ, ಒಳಗೆ ಫೆವಿಕಾಲ್ ಎಂದು ಮಾಡಿದರೆ ಆ ಬಾಗು ಹೋಗುವುದಿಲ್ಲ. ಹಾಗಾದರೆ ಒಳಹಾಳೆಗೆ ಮೊದಲು ಇನ್ನೊಂದು ತೆಳು ಕಾಗದ ಒಳಗೆ ಅಂಟಿಸಿ ಒಣಗಿಸಿ ನೋಡಿ.

ಕೊನೆಯ ಕೆಲಸಕ್ಕೆ ಐದು ನಿಮಿಷ ಸಾಕು, ಆದರೆ ನಡುವೆ ಎದ್ದು ಹೋಗುವಂತಿಲ್ಲ. ಹೊಲಿದ ಹಾಳೆಗಳನ್ನು ಹೊದಿಕೆಯಲ್ಲಿ ಒಣಗಿದಂತೆಯೇ ಇಟ್ಟು ಮೂರೂ ಕಡೆ ಮೂರು ಮಿಲಿಮೀಟರ್ ಅಂಚು ಸಮವಾಗಿ ಕಾಣುತ್ತದೆಯೇ ನೋಡಿ. ಲಾಡಿಯ ತುದಿಗಳನ್ನು 25 ಮಿಲಿಮೀಟರಿಗೆ ಕತ್ತರಿಸಿ. ಮೇಲಿನ ಒಳಹಾಳೆಯ ಎರಡು ಎಲೆಗಳ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಸರಿಸಿ. ಧೋತರದ ರೆಕ್ಕೆಯ ಕೆಳಗೂ ಲಾಡಿಯ ಕೆಳಗೂ ಖಳಿ ಸವರಿ ಅವನ್ನು ಒಳಹಾಳೆಯ ಮೇಲೆ ಮಲಗಿಸಿ, ನಂತರ ಇಡೀ ಎಲೆಗೆ ಖಳಿ ಹಚ್ಚಿ. ಈಗ ಎಲೆಯನ್ನು ಎತ್ತಿ ರಟ್ಟಿಗೆ ತರುವುದಲ್ಲ, ರಟ್ಟನ್ನೇ ಅದರ ಮೇಲೆ ಮುಚ್ಚಬೇಕು. ಪುಸ್ತಕ ತಿರುವಿ ಇನ್ನೊಂದು ಕಡೆಯೂ ಹಾಗೇ. ಸರಿಯಾಗಿ ಕೂತಿದೆಯೇ ಎಂದು ರಟ್ಟು ತೆರೆದು ನೋಡುವ ಚಪಲ ಎಲ್ಲರಿಗೂ ಬರುತ್ತದೆ. ಆಗ ತೆರೆದರೆ ಒದ್ದೆ ಒಳಹಾಳೆ ಸಂದಿನಲ್ಲಿ ಸುಕ್ಕುಗಟ್ಟಿ, ಆ ಸುಕ್ಕು ಪುಸ್ತಕ ಇರುವವರೆಗೂ ಉಳಿಯುತ್ತದೆ.

ಸಂದು ಆಳವಾಗಿ ಕೂರಬೇಕಲ್ಲ, ಅದಕ್ಕೆ ಎರಡು ಸೈಕಲ್ ಕಡ್ಡಿ. ತುಕ್ಕಿನ ಕಲೆ ತಾಗದಂತೆ ಪ್ಲಾಸ್ಟಿಕ್ ಸುತ್ತಿ, ಎರಡೂ ಸಂದಿನಲ್ಲಿ ಒಂದೊಂದು ಇಟ್ಟು, ಮೇಲೆ ಕೆಳಗೆ ಹಲಗೆ ಕೊಟ್ಟು ಬೀಸುಕಲ್ಲೋ ನಾಲ್ಕು ಇಟ್ಟಿಗೆಯೋ ಹೇರಿ. ಉಣ್ಣೆ ಹೆಣೆಯುವ ಸೂಜಿ ಮನೆಯಲ್ಲಿದ್ದರೆ ಅದು ಇನ್ನೂ ಉತ್ತಮ, ತುಸು ದಪ್ಪ.

ಎಷ್ಟು ಹೊತ್ತು ಎನ್ನುವುದು ನೀವು ಜಿಲ್ಲೆಯ ಯಾವ ಮೂಲೆಯಲ್ಲಿದ್ದೀರಿ ಎನ್ನುವುದರ ಮೇಲಿದೆ. ನವಲಗುಂದದ ಎರೆಭೂಮಿಯ ಬೇಸಿಗೆಯಲ್ಲಿ ಖಳಿ ಹಚ್ಚುತ್ತಿದ್ದಂತೆಯೇ ಅಂಚು ಒಣಗಿ, ಬಟ್ಟೆ ಅಲ್ಲಲ್ಲಿ ಹಿಡಿಯದೆ ಗುಳ್ಳೆ ಏಳುತ್ತದೆ. ಅಲ್ಲಿ ಈ ಕೆಲಸ ಬೆಳಗಿನ ತಂಪಿನಲ್ಲಿ, ರಟ್ಟಿಗೆ ಒದ್ದೆ ಕೈ ಆಡಿಸಿಕೊಂಡು. ಒಂದು ರಾತ್ರಿ ಭಾರದ ಕೆಳಗಿದ್ದರೆ ಮುಗಿಯಿತು. ಮಲೆನಾಡಿಗೆ ತಾಗಿಕೊಂಡ ಕಲಘಟಗಿಯ ಆಷಾಢದ ಮಳೆಯಲ್ಲಿ ಅದೇ ಪುಸ್ತಕ ಮೂರು ದಿನವಾದರೂ ಒಳಗೆ ತಂಪಾಗಿಯೇ ಇರುತ್ತದೆ. ಒಳಹಾಳೆಗಳ ನಡುವೆ ಒಣ ಕಾಗದವಿಟ್ಟು ದಿನಕ್ಕೆರಡು ಸಲ ಬದಲಿಸದಿದ್ದರೆ ಬೂಸು ಬರುತ್ತದೆ. ಸುದ್ದಿಪತ್ರಿಕೆ ಇಡಬೇಡಿ, ಮಸಿ ಹತ್ತುತ್ತದೆ. ಒಣಗಿದೆಯೇ ಎನ್ನಲು ಒಳಹಾಳೆಗೆ ಕೆನ್ನೆ ತಾಗಿಸಿ ನೋಡಿ. ತಂಪೆನಿಸಿದರೆ ಇನ್ನೂ ನೀರಿದೆ.

ಹೊಸ ಪುಸ್ತಕವನ್ನು ಮೊದಲ ಸಲ ನಡುವಿಗೆ ಒಮ್ಮೆಲೇ ತೆರೆದರೆ ಬೆನ್ನಿನ ಅಂಟು ಅಲ್ಲೇ ಬಿರುಕು ಬಿಡುತ್ತದೆ. ಎರಡೂ ತುದಿಯಿಂದ ಒಂದೊಂದೇ ಫಾರಂ ಬಿಡಿಸಿ, ಕೈಯಿಂದ ಮೆಲ್ಲಗೆ ಸವರುತ್ತ ನಡುವಿಗೆ ಬನ್ನಿ. ಆಮೇಲೆ ಪುಟ 80ಕ್ಕೆ ತೆರೆದು ನೆಲದ ಮೇಲಿಡಿ. ಹಿಡಿಯದೆಯೇ ನಿಂತರೆ ನಾರಿನ ದಿಕ್ಕೂ ಹೊಲಿಗೆಯೂ ಸರಿಯಾಗಿವೆ. ಮೊದಲ ಕೆಲವು ಪುಟಗಳು ಮಾತ್ರ ತುಸು ಹಟ ಮಾಡುತ್ತವೆ. ಒಳಹಾಳೆಯನ್ನು ಅಂಟಿಸಿದ ಆ ಮೂರು ಮಿಲಿಮೀಟರಿನ ಪರಿಣಾಮ ಅದು. ಹಾಡನ್ನು ಮೂರನೆಯ ಎಲೆಯಿಂದ ಬರೆಯಲು ಶುರು ಮಾಡಿದರೆ ಅದರ ತೊಂದರೆಯಿಲ್ಲ, ಮೊದಲೆರಡು ಎಲೆ ಪರಿವಿಡಿಗೆ ಆಯಿತು.

ಭಜನಾ ಪುಸ್ತಕಕ್ಕೆಂದೇ ಒಂದು ಮಾತು ಉಳಿದಿದೆ. ಹಾಡುವವರು ಹೊಸ ಪದ ಸಿಕ್ಕಿದಾಗಲೆಲ್ಲ ಚೀಟಿ ಬರೆದು ಒಳಗೆ ಅಂಟಿಸುತ್ತ ಹೋಗುತ್ತಾರೆ. ಮೂವತ್ತು ಚೀಟಿ ಸೇರಿದರೆ ಮುಂಚಿನ ದಪ್ಪ ಬೆನ್ನನ್ನು ಮೀರಿ ರಟ್ಟುಗಳು ಬಾಯಿ ಕಳೆದು ನಿಲ್ಲುತ್ತವೆ, ಭಾರವೆಲ್ಲ ಸಂದಿನ ಬಟ್ಟೆಯ ಮೇಲೆ ಬೀಳುತ್ತದೆ. ಅಂಥವರಿಗೆ ಮಾಡುವುದಾದರೆ ಹೊಲಿಯುವಾಗಲೇ ಪ್ರತಿ ಫಾರಂ ಹೊರಗೆ 40 ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯೊಂದನ್ನು ನಡುವೆ ಮಡಚಿ ಸುತ್ತಿ, ಅದನ್ನೂ ಸೇರಿಸಿ ಹೊಲಿಯಿರಿ. ಫಾರಂಗಳ ನಡುವೆ 20 ಮಿಲಿಮೀಟರಿನ ಮೊಂಡು ಎಲೆಗಳು ಸಿಗುತ್ತವೆ. ಚೀಟಿಯನ್ನು ಪುಟಕ್ಕಲ್ಲ, ಆ ಮೊಂಡಿಗೆ ಅಂಟಿಸಬೇಕು. ಬೆನ್ನಿನ ದಪ್ಪ ಮೊದಲೇ ಎರಡು ಮಿಲಿಮೀಟರ್ ಹೆಚ್ಚಿರುವುದರಿಂದ ಚೀಟಿಗಳಿಗೆ ಜಾಗವಿರುತ್ತದೆ. ಬೆನ್ನಿನ ಪಟ್ಟಿಯನ್ನು ಮಾತ್ರ ಆಗ 14ಕ್ಕಲ್ಲ, 16ಕ್ಕೆ ಕತ್ತರಿಸಿ.